ಕೋಶ ಒಡೆದ ಮೇಲಿನ ಅರ್ಧ ಗಂಟೆ

ಕೋವಿಡ್ ಎಂಆರ್‌ಎನ್‌ಎ ಲಸಿಕೆಗಳ ತಯಾರಿಕೆಯಲ್ಲಿ ದುಡಿದ ಕಿಣ್ವ ಟಿ7 ಆರ್‌ಎನ್‌ಎ ಪಾಲಿಮರೇಸ್. ಅದನ್ನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಕೋಶ ಒಡೆದು ಹೊರತೆಗೆಯುತ್ತಾರೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಇದು ಸುಮಾರು 99 ಕಿಲೋಡಾಲ್ಟನ್‌ನ ಒಂದೇ ಪಟ್ಟೆಯಾಗಿ ಕಾಣಬೇಕು. 1980ರ ದಶಕದಲ್ಲಿ ಕೆಲವು ತಳಿಗಳಿಂದ ತೆಗೆದಾಗ ಆ ಒಂದು ಪಟ್ಟೆಯ ಬದಲು 80 ಮತ್ತು 20ರ ಆಸುಪಾಸಿನಲ್ಲಿ ಎರಡು ತುಂಡುಗಳು ಸಿಗುತ್ತಿದ್ದವು. ಬಿಎಲ್21 ಎಂಬ ತಳಿಯಿಂದ ತೆಗೆದರೆ ಮಾತ್ರ ಇಡಿಯಾಗಿ ಬರುತ್ತಿತ್ತು.

ಕತ್ತರಿ ಹಾಕುತ್ತಿದ್ದದ್ದು ಓಂಪ್‌ಟಿ ಎಂಬ ಪ್ರೋಟಿಯೇಸ್ ಎಂದು ಗ್ರಾಡ್‌ಬರ್ಗ್ ಮತ್ತು ಡನ್ 1988ರಲ್ಲಿ ತೋರಿಸಿಕೊಟ್ಟರು. ಪ್ರೋಟಿಯೇಸ್ ಎಂದರೆ ಪ್ರೋಟೀನನ್ನೇ ಕತ್ತರಿಸುವ ಪ್ರೋಟೀನು. ಓಂಪ್‌ಟಿ ಇರುವುದು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ, ಅದರ ಕತ್ತರಿಯ ಬಾಯಿ ಕೋಶದ ಹೊರಗಡೆಗೆ. ಪಾಲಿಮರೇಸ್ ಇರುವುದು ಕೋಶದ ಒಳಗೆ. ಕೋಶ ಬದುಕಿರುವಷ್ಟು ಕಾಲ ಇವೆರಡೂ ಮುಖಾಮುಖಿಯಾಗುವುದೇ ಇಲ್ಲ. ನಾವು ಗೋಡೆ ಒಡೆದಾಗಲೇ ಅವುಗಳ ಭೇಟಿ. ಹಾಗಾಗಿ ಇದು ಬ್ಯಾಕ್ಟೀರಿಯಾ ಮಾಡಿದ ಹಾಳಲ್ಲ, ನಾವೇ ಒಡೆದು ಬೆರೆಸಿ ಮಾಡಿಕೊಂಡದ್ದು.

ಒಡೆಯುವ ಕೆಲಸ ಹೀಗೆ ಸಾಗುತ್ತದೆ. ಒಂದು ಲೀಟರ್ ಕಲ್ಚರ್ ಅನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ನಾಲ್ಕೈದು ಗ್ರಾಂ ಹಸಿ ಕೋಶಗಳು ನಿಲ್ಲುತ್ತವೆ. ಅವನ್ನು 25 ಮಿಲಿಲೀಟರ್ ತಣ್ಣನೆಯ ಬಫರ್‌ನಲ್ಲಿ ಕದಡಿ ಲೈಸೋಜೈಮ್ ಹಾಕುತ್ತಾರೆ. ಕೋಳಿಮೊಟ್ಟೆಯ ಬಿಳಿಭಾಗದಿಂದ ಸಿಗುವ ಈ ಕಿಣ್ವ ಕೋಶದ ಗೋಡೆಯನ್ನು ಕತ್ತರಿಸುತ್ತದೆ. ಆದರೆ ಇ. ಕೋಲೈನಲ್ಲಿ ಗೋಡೆಯ ಮೇಲೊಂದು ಹೊರಪೊರೆ ಇರುವುದರಿಂದ ಲೈಸೋಜೈಮ್ ಸುಲಭವಾಗಿ ಒಳನುಗ್ಗಲಾರದು. ಕೋಶಗಳನ್ನು ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದರೆ ಪೊರೆ ಬಿರುಕುಬಿಟ್ಟು ದಾರಿಯಾಗುತ್ತದೆ. ಮುಂದಿನದು ಸೋನಿಕೇಟರ್‌ನ ಕೆಲಸ: ಮಂಜುಗಡ್ಡೆಯ ಮೇಲಿಟ್ಟು ಹತ್ತು ಸೆಕೆಂಡ್ ಶಬ್ದತರಂಗ, ಇಪ್ಪತ್ತು ಸೆಕೆಂಡ್ ಬಿಡುವು. ಬಿಡುವು ಕೊಡದಿದ್ದರೆ ದ್ರಾವಣ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಪ್ರೋಟಿಯೇಸ್‌ಗಳಿಗೆ ಹುರುಪು. ಮೊದಲು ಹಾಲಿನಂತಿದ್ದ ದ್ರಾವಣ ಡಿಎನ್‌ಎ ಹೊರಬಂದಾಗ ಲೋಳೆಯಾಗಿ, ಬಳಿಕ ಡಿಎನ್‌ಎ ತುಂಡಾಗುತ್ತಿದ್ದಂತೆ ನೀರಾಗಿ ಸ್ವಲ್ಪ ತಿಳಿಯಾಗುತ್ತದೆ. ಕೆಲಸ ಮುಗಿದಿದೆ ಎಂದು ಗೊತ್ತಾಗುವುದು ಆಗಲೇ.

ಈ ಹೊತ್ತಿಗೆ ಪ್ರತಿಬಂಧಕ ದ್ರಾವಣದಲ್ಲಿ ಇರಲೇಬೇಕು. ಅಗ್ಗದ, ಹಳೆಯ, ಎಲ್ಲ ಲ್ಯಾಬ್‌ಗಳಲ್ಲೂ ಸಿಗುವುದು ಪಿಎಂಎಸ್‌ಎಫ್. ಸೆರೀನ್ ಬಗೆಯ ಪ್ರೋಟಿಯೇಸ್‌ಗಳ ಕತ್ತರಿಯ ಬಾಯಿಗೇ ಇದು ಅಂಟಿಕೊಳ್ಳುತ್ತದೆ, ಅಂಟಿದ ಮೇಲೆ ಬಿಡುವುದಿಲ್ಲ. ತೊಂದರೆ ಏನೆಂದರೆ ನೀರು ಇದರ ಶತ್ರು. 25 ಡಿಗ್ರಿ ಉಷ್ಣಾಂಶ, ಪಿಎಚ್ 8 ಇರುವ ಬಫರ್‌ನಲ್ಲಿ ಸುಮಾರು 35 ನಿಮಿಷಕ್ಕೆ ಅರ್ಧದಷ್ಟು ಕೆಟ್ಟುಹೋಗುತ್ತದೆ. ಪಿಎಚ್ 7ರಲ್ಲಾದರೆ ಸುಮಾರು 110 ನಿಮಿಷ ತಾಳುತ್ತದೆ. ಬೆಳಿಗ್ಗೆಯೇ ಬಫರ್‌ಗೆ ಹಾಕಿಟ್ಟು ಮಧ್ಯಾಹ್ನ ಕೋಶ ಒಡೆದರೆ, ಬಾಟಲಿಯ ಮೇಲೆ ಹೆಸರಿರುತ್ತದೆ, ಒಳಗೆ ಔಷಧ ಇರುವುದಿಲ್ಲ. ಆದ್ದರಿಂದ ನೀರಿಲ್ಲದ ಐಸೊಪ್ರೊಪನಾಲ್‌ನಲ್ಲಿ ಕರಗಿಸಿಟ್ಟ 100 ಮಿಲಿಮೋಲಾರ್ ದ್ರಾವಣದಿಂದ ಕಾಲು ಮಿಲಿಲೀಟರ್ ತೆಗೆದು, ಒಡೆಯುವ ಮುಂಚಿನ ಗಳಿಗೆಯಲ್ಲಿ ನಮ್ಮ 25 ಮಿಲಿಲೀಟರ್‌ಗೆ ಕಲಕುತ್ತ ಬೆರೆಸಬೇಕು. ಕೆಲಸ ಉದ್ದವಾದರೆ ಮತ್ತೊಮ್ಮೆ. ಇದು ವಿಷ. ಕೈಗವಸು ಹಾಕಿಕೊಳ್ಳದೆ ಮುಟ್ಟುವಂತಿಲ್ಲ.

ಲೋಹದ ನೆರವಿನಿಂದ ಕತ್ತರಿಸುವ ಪ್ರೋಟಿಯೇಸ್‌ಗಳಿಗೆ ಪಿಎಂಎಸ್‌ಎಫ್ ತಾಗುವುದಿಲ್ಲ. ಅವುಗಳ ಲೋಹವನ್ನು ಕಸಿದುಕೊಳ್ಳಲು ಇಡಿಟಿಎ ಬೇಕು. ಆದರೆ ಇಂದು ಬಹುತೇಕರು ಪ್ರೋಟೀನಿನ ತುದಿಗೆ ಆರು ಹಿಸ್ಟಿಡಿನ್‌ಗಳ ಬಾಲ ಕಟ್ಟಿ, ಅದನ್ನು ನಿಕಲ್ ಕಾಲಮ್‌ನಲ್ಲಿ ಹಿಡಿಯುತ್ತಾರೆ. ಇಡಿಟಿಎ ಆ ನಿಕಲ್ಲನ್ನೂ ಬಿಡದೆ ಕಿತ್ತುಕೊಂಡು ಬರುತ್ತದೆ, ನೀಲಿ-ಹಸಿರಿನ ಕಾಲಮ್ ಬೆಳ್ಳಗಾಗುತ್ತದೆ. ಹೀಗಾಗಿ ಇಂಥ ಕೆಲಸಕ್ಕೆ ಇಡಿಟಿಎ ಇಲ್ಲದ ಮಿಶ್ರಣವನ್ನೇ ಕೊಳ್ಳುತ್ತಾರೆ.

ಓಂಪ್‌ಟಿಯ ವಿಷಯದಲ್ಲಂತೂ ಪಿಎಂಎಸ್‌ಎಫ್ ಅಷ್ಟಾಗಿ ನಡೆಯುವುದಿಲ್ಲ. ಪ್ರೋಟೀನುಗಳನ್ನು ಬಿಚ್ಚಿಹಾಕುವ ಯೂರಿಯಾದಲ್ಲೂ ಅದು ಕತ್ತರಿಸುತ್ತಲೇ ಇರುತ್ತದೆ. ಅದಕ್ಕೆ ನನ್ನ ಪ್ರಕಾರ ಸರಿಯಾದ ಮದ್ದು ಓಂಪ್‌ಟಿಯೇ ಇಲ್ಲದ ತಳಿ. ಬಿಎಲ್21ರಲ್ಲಿ ಓಂಪ್‌ಟಿ ಇಲ್ಲ, ಲಾನ್ ಎಂಬ ಇನ್ನೊಂದು ಪ್ರೋಟಿಯೇಸ್ ಕೂಡ ಇಲ್ಲ. ಉಳಿದವು ಇವೆ, ಆದ್ದರಿಂದ ಮಂಜುಗಡ್ಡೆಯೂ ಪಿಎಂಎಸ್‌ಎಫ್ಫೂ ಬೇಕೇ ಬೇಕು.

ತುಂಡುಗಳು ಕಂಡಾಗ ಹಲವರು ಇನ್ನಷ್ಟು ಪ್ರತಿಬಂಧಕ ಸುರಿಯುತ್ತಾರೆ. ಅದಕ್ಕೂ ಮೊದಲು ಕತ್ತರಿ ಬಿದ್ದದ್ದು ಯಾವಾಗ ಎಂದು ನೋಡಬೇಕು. ಒಡೆಯುವ ಮುನ್ನ ಒಂದು ಚಿಟಿಕೆ ಇಡೀ ಕೋಶಗಳನ್ನು ತೆಗೆದು ನೇರವಾಗಿ ಎಸ್‌ಡಿಎಸ್ ದ್ರಾವಣದಲ್ಲಿ ಕುದಿಸಿ. ಪ್ರೋಟಿಯೇಸ್‌ಗಳಿಗೆ ಅಲ್ಲಿ ಅವಕಾಶವೇ ಸಿಗುವುದಿಲ್ಲ. ಒಡೆದ ತಕ್ಷಣ, ಅರ್ಧ ಗಂಟೆಗೆ, ಎರಡು ಗಂಟೆಗೆ ಒಂದೊಂದು ಮಾದರಿ ತೆಗೆದು ಹಾಗೆಯೇ ಕುದಿಸಿ, ನಾಲ್ಕನ್ನೂ ಒಂದೇ ಜೆಲ್‌ನಲ್ಲಿ ಓಡಿಸಿ. ಮೊದಲ ಸಾಲಿನಲ್ಲಿ 99ರ ಪಟ್ಟೆ ಮಾತ್ರ ಇದ್ದು, ಸಮಯ ಕಳೆದಂತೆ 80ರದು ದಪ್ಪವಾಗುತ್ತ ಹೋದರೆ ತಪ್ಪು ಒಡೆಯುವಿಕೆಯಲ್ಲಿದೆ. ಮೊದಲ ಸಾಲಿನಲ್ಲೇ ತುಂಡುಗಳಿದ್ದರೆ ಅವು ಬದುಕಿದ್ದ ಕೋಶದೊಳಗೇ ಆದವು. ಆಗ ಯಾವ ಪ್ರತಿಬಂಧಕವೂ ಪ್ರಯೋಜನಕ್ಕೆ ಬಾರದು. ಕಲ್ಚರ್ ಬೆಳೆಸುವ ಉಷ್ಣಾಂಶವನ್ನೋ ತಳಿಯನ್ನೋ ಬದಲಿಸಿ ನೋಡಬೇಕು.