ಗೀಸರಿನ ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ: ಕಾರಣ ಮತ್ತು ಪರಿಹಾರ (ಪ್ರಶ್ನೋತ್ತರ)

ಬಿಸಿನೀರು ನಾರುತ್ತಿದೆಯೆಂಬ ದೂರು ಬಂದೊಡನೆ ಚರಂಡಿ ನೀರು ಬೆರೆತಿದೆಯೆಂದು ಭಾವಿಸಿ ಕೊಳವೆಬಾವಿಯನ್ನು ನಿಲ್ಲಿಸುವ ಮೊದಲು, ದೋಷವು ಮೂಲದಲ್ಲಿದೆಯೋ ಗೀಸರಿನಲ್ಲಿದೆಯೋ ಎಂಬುದನ್ನು ಗುರುತಿಸುವುದು ಅವಶ್ಯ.

ಪ್ರಶ್ನೆ: ಇದನ್ನು ಗುರುತಿಸುವುದು ಹೇಗೆ?

ಉತ್ತರ: ಗೀಸರಿಗೆ ಹೋಗುವ ತಣ್ಣೀರನ್ನೇ ಪಾತ್ರೆಯಲ್ಲಿ ಹಿಡಿದು ಒಲೆಯ ಮೇಲೆ ಬಿಸಿಮಾಡಿ ಮೂಸಿ ನೋಡತಕ್ಕದ್ದು. ತಣ್ಣೀರನ್ನು ಮೂಸಿದರೆ ಸಾಲದು; ನೀರಿನಲ್ಲಿ ಕರಗಿರುವ ಅನಿಲ ಕಾಯಿಸಿದಾಗಲೇ ಹೆಚ್ಚಾಗಿ ಹೊರಬರುತ್ತದೆ. ಪಾತ್ರೆಯ ನೀರೂ ನಾರಿದರೆ ದೋಷ ಕೊಳವೆಬಾವಿಯಲ್ಲೋ ತೊಟ್ಟಿಯಲ್ಲೋ ಇದೆ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಗೀಸರಿನ ನೀರು ಮಾತ್ರ ನಾರಿದರೆ ದೋಷ ಗೀಸರಿನೊಳಗಿದೆ.

ಪ್ರಶ್ನೆ: ಗೀಸರಿನೊಳಗೆ ವಾಸನೆ ಹುಟ್ಟುವುದೇಕೆ?

ಉತ್ತರ: ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಕೊಳವೆಬಾವಿಯ ನೀರಿನಲ್ಲಿ ಸಾಮಾನ್ಯವಾಗಿ ಸಲ್ಫೇಟ್ ಲವಣವಿರುತ್ತದೆ. ಗಾಳಿಯಿಲ್ಲದೆಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಆ ಲವಣವನ್ನು ಈ ಅನಿಲವಾಗಿ ಪರಿವರ್ತಿಸುತ್ತವೆ. ನೀರನ್ನು ಸಂಗ್ರಹಿಸಿಡುವ ಗೀಸರುಗಳ ತೊಟ್ಟಿಗೆ ತುಕ್ಕು ಹಿಡಿಯದಿರಲೆಂದು ಒಳಗೆ ಮೆಗ್ನೀಷಿಯಂ ಸರಳನ್ನು ಅಳವಡಿಸಿರುತ್ತಾರೆ. ತೊಟ್ಟಿಯ ಬದಲಿಗೆ ಸರಳೇ ಸವೆಯುತ್ತದೆ. ಸವೆಯುವಾಗ ಹೊರಬರುವ ಹೈಡ್ರೋಜನ್ ಈ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಗೀಸರನ್ನು ಕೆಲದಿನ ಬಳಸದೆ ಬಿಟ್ಟರೆ ಅವು ಹೆಚ್ಚುತ್ತವೆ. ನೀರನ್ನು ಸಂಗ್ರಹಿಸದ ಇನ್‌ಸ್ಟಂಟ್ ಗೀಸರಿನಲ್ಲಿ ಈ ತೊಂದರೆ ವಿರಳ.

ಪ್ರಶ್ನೆ: ಪರಿಹಾರವೇನು?

ಉತ್ತರ: ಮೈಸೂರಿನ ರಾಜೀವನಗರದಲ್ಲಿ ಕೊಳವೆಬಾವಿಯ ನೀರು, ಮಹಡಿಯ ಮೇಲೆ 500 ಲೀಟರಿನ ತೊಟ್ಟಿ, 25 ಲೀಟರಿನ ಗೀಸರ್ ಇರುವ ಮನೆಯೊಂದನ್ನು ಊಹಿಸೋಣ. ಹದಿನೈದು ದಿನ ಪರಊರಿನಲ್ಲಿದ್ದು ಬಂದ ಮನೆಯವರಿಗೆ ಮೊದಲ ಬಕೆಟ್ ನೀರೇ ನಾರುತ್ತದೆ. ಅವರು ಮೊದಲು ಥರ್ಮೋಸ್ಟಾಟನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಕೆಲವು ಗಂಟೆ ಹಾಗೆಯೇ ಬಿಟ್ಟು, ನೀರನ್ನೆಲ್ಲ ಹೊರಬಿಡಬೇಕು. ಆ ನೀರು ಮೈ ಸುಡುವಷ್ಟು ಬಿಸಿಯಿರುವುದರಿಂದ ಮಕ್ಕಳನ್ನು ದೂರವಿಡತಕ್ಕದ್ದು.

ವಾಸನೆ ಮತ್ತೆ ಬಂದರೆ ಬ್ಲೀಚಿಂಗ್ ಪುಡಿಯನ್ನು ಬಳಸಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಎಂದರೆ 500 ಲೀಟರಿಗೆ 25 ಗ್ರಾಂ. ಪುಡಿಯಲ್ಲಿ ಕ್ಲೋರಿನ್ ಶೇ. 25ರಷ್ಟಿದ್ದರೆ 100 ಗ್ರಾಂ ಪುಡಿ ಬೇಕು. ಹಳೆಯ, ತೇವ ಹಿಡಿದ ಪುಡಿ ಈ ಲೆಕ್ಕಕ್ಕೆ ಬಾರದು. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಬಳಿಕ ತಿಳಿಯನ್ನು ಮಾತ್ರ ತುಂಬಿದ ತೊಟ್ಟಿಗೆ ಸುರಿಯಬೇಕು. ಗೀಸರಿನ ವಿದ್ಯುತ್ ಸಂಪರ್ಕ ಕಡಿದು, ಬಿಸಿನೀರಿನ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ, ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ತೊಟ್ಟಿ, ಗೀಸರ್ ಎರಡನ್ನೂ ಖಾಲಿಮಾಡಿ ಹೊಸ ನೀರಿನಿಂದ ತೊಳೆಯಬೇಕು. ಅಲ್ಲಿಯವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಕೂಡದು. ಆಸಿಡ್ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ.

ಪ್ರಶ್ನೆ: ಕೆಲವೇ ವಾರಗಳಲ್ಲಿ ವಾಸನೆ ಮರುಕಳಿಸಿದರೆ?

ಉತ್ತರ: ಆಗ ಮೆಗ್ನೀಷಿಯಂ ಸರಳಿನ ಬದಲು ಸತು ಬೆರೆತ ಅಲ್ಯುಮಿನಿಯಂ ಸರಳನ್ನು ತಂತ್ರಜ್ಞರಿಂದ ಹಾಕಿಸಬೇಕು. ಸರಳನ್ನೇ ತೆಗೆಸಿಬಿಟ್ಟರೆ ವಾಸನೆ ಹೋಗುವುದು ನಿಜ. ಕೆಲವು ಕೊಳಾಯಿ ಕೆಲಸದವರು ಹೀಗೆಯೇ ಮಾಡುತ್ತಾರೆ, ಇದಕ್ಕೆ ಒಪ್ಪಬಾರದು. ರಕ್ಷಣೆ ತಪ್ಪಿದ ತೊಟ್ಟಿ ತುಕ್ಕು ಹಿಡಿದು ಸೋರುತ್ತದೆ.