ಅರ್ಧಕ್ಕಿಂತ ಹೆಚ್ಚು ಒಂದೇ ಕಡೆಯಿಂದ ಬೇಡ

2025ರ ಆಗಸ್ಟ್ ಮೂರನೇ ವಾರದಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಆಡುವ ಆಟಗಳ ಜೊತೆಗೆ ಅವುಗಳ ಜಾಹೀರಾತೂ ನಿಷೇಧಕ್ಕೆ ಒಳಗಾಯಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರು ಹಾಕಿಸಿಕೊಳ್ಳಲು 358 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದ್ದ ಡ್ರೀಮ್11 ಅವಧಿಗೆ ಮೊದಲೇ ಹಿಂದೆ ಸರಿಯಿತು. ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ತಂಡ ಪ್ರಾಯೋಜಕರ ಹೆಸರೇ ಇಲ್ಲದ ಅಂಗಿ ತೊಟ್ಟು ಆಡಿತು. ಕ್ರಿಕೆಟ್ ಮಂಡಳಿಗೆ ಪ್ರಸಾರ ಹಕ್ಕಿನ ಹಣ ಇತ್ತು, ಆದ್ದರಿಂದ ಅದು ಅಲುಗಾಡಲಿಲ್ಲ. ಆದರೆ ಇದೇ ಆ್ಯಪ್‌ಗಳ ಪೇಯ್ಡ್ ಪ್ರಮೋಷನ್ ನಂಬಿ ದಿನವೂ ಪಂದ್ಯದ ವಿಶ್ಲೇಷಣೆ ಮಾಡುತ್ತಿದ್ದ ಸಣ್ಣ ಚಾನೆಲ್‌ಗಳಿಗೆ ಅಂಥ ಇನ್ನೊಂದು ಆಸರೆ ಇರಲೇಬೇಕೆಂದಿಲ್ಲ.

ಯೂಟ್ಯೂಬ್ ಚಾನೆಲ್, ಪಾಡ್‌ಕಾಸ್ಟ್ ಅಥವಾ ಸುದ್ದಿ ತಾಣ ನಡೆಸುವವರಿಗೆ ಹಣ ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ವೇದಿಕೆಯೇ ಹಾಕುವ ಜಾಹೀರಾತಿನ ಪಾಲು ಒಂದು. ಕಂಪನಿಯೊಂದು ನೇರವಾಗಿ ಕೊಡುವ ಪ್ರಾಯೋಜಕತ್ವದ ಹಣ ಇನ್ನೊಂದು. ಮೂರನೆಯದು ನೋಡುಗರು ತಿಂಗಳು ತಿಂಗಳು ಕಟ್ಟುವ ಮೆಂಬರ್‌ಶಿಪ್. ನಾಲ್ಕನೆಯದು ಸ್ವಂತ ಸರಕು: ಪುಸ್ತಕ, ತರಗತಿ, ಮಸಾಲೆಪುಡಿ, ಪ್ರವಾಸ, ಏನಾದರೂ ಆಗಬಹುದು. ಕನ್ನಡದ ಪ್ರವಾಸಿ ಯೂಟ್ಯೂಬರ್ ಡಾ. ಬ್ರೋ ‘ಗೋ ಪ್ರವಾಸ’ ಎಂಬ ಪ್ರವಾಸ ಸಂಸ್ಥೆ ಕಟ್ಟಿದ್ದು ಈ ನಾಲ್ಕನೆಯ ದಾರಿ. ಇವುಗಳಲ್ಲಿ ಯಾವ ಒಂದೂ ಒಟ್ಟು ಆದಾಯದ ಅರ್ಧ ದಾಟಬಾರದು ಎಂಬುದು ಈ ಕಸುಬಿನಲ್ಲಿ ಪಳಗಿದವರು ಹೇಳುವ ಮಾತು.

ಅರ್ಧವೇ ಏಕೆ? ಆದಾಯದ ಅರ್ಧ ಹೋದರೆ ಉಳಿದದ್ದನ್ನು ಎರಡುಪಟ್ಟು ಮಾಡಿದರೆ ಮೊದಲಿನ ಸ್ಥಿತಿಗೆ ಬರಬಹುದು. ಕಷ್ಟ, ಆದರೂ ಒಂದೆರಡು ವರ್ಷದಲ್ಲಿ ಸಾಧ್ಯ. ಶೇಕಡ 80 ಹೋದರೆ ಉಳಿದದ್ದನ್ನು ಐದುಪಟ್ಟು ಮಾಡಬೇಕು. ಅಷ್ಟರಲ್ಲಿ ಎಡಿಟರ್ ಬೇರೆ ಕೆಲಸ ಹುಡುಕಿಕೊಂಡಿರುತ್ತಾರೆ, ಚಾನೆಲ್ ನಿಂತಿರುತ್ತದೆ.

ಈ ನಾಲ್ಕರಲ್ಲಿ ಯಾವುದೂ ಭದ್ರವಲ್ಲ ಎನ್ನಲು ಕಳೆದ ಹತ್ತು ವರ್ಷಗಳೇ ಸಾಕ್ಷಿ. 2017ರ ಮಾರ್ಚ್‌ನಲ್ಲಿ ಉಗ್ರವಾದಿಗಳ ವಿಡಿಯೊಗಳ ಪಕ್ಕದಲ್ಲಿ ದೊಡ್ಡ ಕಂಪನಿಗಳ ಜಾಹೀರಾತು ಬರುತ್ತಿದೆ ಎಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಬಯಲು ಮಾಡಿತು. ಎಟಿ ಆ್ಯಂಡ್ ಟಿ, ವೆರಿಜಾನ್‌ನಂಥ ಕಂಪನಿಗಳು ಯೂಟ್ಯೂಬ್‌ನಿಂದ ಜಾಹೀರಾತು ಹಿಂತೆಗೆದುಕೊಂಡವು. ಉಗ್ರವಾದಕ್ಕೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಚಾನೆಲ್‌ಗಳ ಗಳಿಕೆ ಅದರಿಂದ ಕುಸಿಯಿತು. ಮೆಂಬರ್‌ಶಿಪ್‌ಗೆ ಭಾರತದಲ್ಲಿ ಪೆಟ್ಟು ಬಿದ್ದದ್ದು 2021ರ ಅಕ್ಟೋಬರ್ 1ರಂದು. ಕಾರ್ಡಿನಿಂದ ತಿಂಗಳಿಗೊಮ್ಮೆ ತಾನಾಗಿ ಹಣ ಕಡಿತವಾಗಬೇಕಾದರೆ ಹೊಸದಾಗಿ ಅನುಮತಿ ಪಡೆದಿರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಅಂದು ಜಾರಿಗೆ ಬಂತು. ಗ್ರಾಹಕರ ದೃಷ್ಟಿಯಿಂದ ಅದು ಒಳ್ಳೆಯ ನಿಯಮವೇ. ಆದರೆ ಹಳೆಯ ಅನುಮತಿಯ ಮೇಲೆ ನಡೆಯುತ್ತಿದ್ದ ಕಡಿತಗಳು ತಿರಸ್ಕೃತವಾದವು, ಬಿಡಬೇಕು ಎಂದುಕೊಳ್ಳದ ಸದಸ್ಯರೂ ಬಿಟ್ಟುಹೋದರು. ಸ್ವಂತ ಸರಕಿಗೂ ಅದರದೇ ಅಪಾಯವಿದೆ. ಜಗತ್ತಿನ ಅತಿ ದೊಡ್ಡ ಯೂಟ್ಯೂಬರ್ ಮಿಸ್ಟರ್‌ಬೀಸ್ಟ್, ತಮ್ಮ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಬರ್ಗರ್‌ಗಳ ಗುಣಮಟ್ಟ ಕೆಟ್ಟು ತಮ್ಮ ಹೆಸರೂ ಹಾಳಾಗುತ್ತಿದೆ ಎಂದು ಪಾಲುದಾರ ಕಂಪನಿಯ ಮೇಲೆ 2023ರಲ್ಲಿ ದಾವೆ ಹೂಡಿದರು.

ತತ್ವ ಒಪ್ಪಿಕೊಂಡವರೂ ಲೆಕ್ಕದಲ್ಲಿ ಎಡವುತ್ತಾರೆ. ಅದಕ್ಕೆ ಒಂದು ಕಾಲ್ಪನಿಕ ಚಾನೆಲ್ಲನ್ನೇ ತೆಗೆದುಕೊಂಡು ನೋಡಬಹುದು. ದಾವಣಗೆರೆಯ ಗೃಹಿಣಿಯೊಬ್ಬರು ಅಡುಗೆಯ ಚಾನೆಲ್ ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಜಾಹೀರಾತಿನಿಂದ 7.2 ಲಕ್ಷ ರೂಪಾಯಿ. ಆರು ವಿಡಿಯೊಗಳಿಗೆ ಪ್ರಾಯೋಜಕರು ತಲಾ 40 ಸಾವಿರದಂತೆ ಕೊಟ್ಟದ್ದು 2.4 ಲಕ್ಷ. ಮೆಂಬರ್‌ಶಿಪ್‌ನಿಂದ 60 ಸಾವಿರ. ಮನೆಯ ಸಾರಿನ ಪುಡಿ ಮಾರಿದ್ದು 1.8 ಲಕ್ಷ. ಒಟ್ಟು 12 ಲಕ್ಷ, ಅದರಲ್ಲಿ ಜಾಹೀರಾತಿನ ಪಾಲು ಶೇಕಡ 60. ಇನ್ನೊಂದು ಹತ್ತು ಇಳಿಸಿದರೆ ಸಾಕು ಎಂದು ಕಾಣುತ್ತದೆ.

ಹಾಗಲ್ಲ. ಸಾರಿನ ಪುಡಿಯ 1.8 ಲಕ್ಷ ಮಾರಾಟದ ಮೊತ್ತ. ಧನಿಯ, ಬ್ಯಾಡಗಿ ಮೆಣಸಿನಕಾಯಿ, ಬೀಸಿದ ಕೂಲಿ, ಪ್ಯಾಕೆಟ್, ಕೊರಿಯರ್ ಎಲ್ಲ ಸೇರಿ 1.2 ಲಕ್ಷ ಹೋದರೆ ಕೈಯಲ್ಲಿ ಉಳಿಯುವುದು 60 ಸಾವಿರ. ಜಾಹೀರಾತಿನ ಹಣವಾದರೋ ಯೂಟ್ಯೂಬ್ ತನ್ನ ಪಾಲು ಹಿಡಿದುಕೊಂಡ ಮೇಲೆ ಬಂದದ್ದು. ಉದ್ದನೆಯ ವಿಡಿಯೊಗಳ ಜಾಹೀರಾತಿನಲ್ಲಿ ಶೇಕಡ 55 ಮಾತ್ರ ಚಾನೆಲ್ಲಿಗೆ ಸೇರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಅಳತೆಯಲ್ಲಿ, ಅಂದರೆ ನೇರ ಖರ್ಚು ಕಳೆದು ಉಳಿದ ಹಣದಲ್ಲಿ ಅಳೆಯಬೇಕು. ಹಾಗೆ ಅಳೆದರೆ ಒಟ್ಟು 10.8 ಲಕ್ಷವಾಗುತ್ತದೆ, ಜಾಹೀರಾತಿನ ಪಾಲು ಮೂರರಲ್ಲಿ ಎರಡಕ್ಕೆ ಏರುತ್ತದೆ. ಮಾರಾಟದ ಮೊತ್ತವನ್ನೇ ಆದಾಯವೆಂದು ಬರೆದುಕೊಳ್ಳುವವರು ಇರುವುದಕ್ಕಿಂತ ಹೆಚ್ಚು ಭದ್ರವಾಗಿದ್ದೇವೆ ಎಂದು ತಿಳಿದಿರುತ್ತಾರೆ. ಈ ಕ್ಷೇತ್ರದಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ.

ಇನ್ನೊಂದು ಎಚ್ಚರಿಕೆ ಅವಧಿಯದು. ದಸರಾ ದೀಪಾವಳಿಯ ಹೊತ್ತಿಗೆ ಕಂಪನಿಗಳು ಕೈಬಿಚ್ಚಿ ಖರ್ಚು ಮಾಡುತ್ತವೆ, ಹಬ್ಬ ಮುಗಿದ ಮೇಲೆ ಜಾಹೀರಾತಿನ ದರ ಇಳಿಯುತ್ತದೆ. ಒಂದು ತಿಂಗಳ ಅಂಕಿ ಹಿಡಿದು ಪಾಲು ನೋಡಿದರೆ ದಾರಿ ತಪ್ಪುತ್ತದೆ. ಹಿಂದಿನ ಹನ್ನೆರಡು ತಿಂಗಳನ್ನು ಒಟ್ಟಿಗೆ ನೋಡಬೇಕು.

ಈಗ ಇಳಿಸುವ ಕೆಲಸ. ಜಾಹೀರಾತಿನ ಗಳಿಕೆಯನ್ನು ಕೈಯಾರೆ ಕಡಿಮೆ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅದು 7.2 ಲಕ್ಷದಲ್ಲೇ ಇದ್ದು ಅರ್ಧವಾಗಬೇಕಾದರೆ ಉಳಿದ ಮೂರೂ ಸೇರಿ 3.6 ಲಕ್ಷದಿಂದ 7.2 ಲಕ್ಷಕ್ಕೆ ಬೆಳೆಯಬೇಕು, ಎಂದರೆ ಇದ್ದದ್ದರ ಎರಡುಪಟ್ಟು. ಪ್ರಾಯೋಜಿತ ವಿಡಿಯೊಗಳನ್ನು ಆರರಿಂದ ಒಂಬತ್ತಕ್ಕೆ ಏರಿಸಿದರೆ 3.6 ಲಕ್ಷ. ಅದಕ್ಕಿಂತ ಹೆಚ್ಚಿಸುವುದು ಜಾಣತನವಲ್ಲ, ಏಕೆಂದರೆ ವಾರಕ್ಕೊಂದು ಕುಕ್ಕರ್ ಹೊಗಳುವವರ ಮಾತನ್ನು ನೋಡುಗರು ನಂಬುವುದಿಲ್ಲ. ಹಣ ಪಡೆದದ್ದನ್ನು ವಿಡಿಯೊದಲ್ಲೇ ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನೂ ಇದೆ. ದಾರಿ ತಪ್ಪಿಸುವ ಪ್ರಚಾರಕ್ಕೆ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ತಪ್ಪಿದರೆ 50 ಲಕ್ಷದವರೆಗೆ.

ಮೆಂಬರ್‌ಶಿಪ್‌ನ ಲೆಕ್ಕ ಹಲವರಿಗೆ ಆಶ್ಚರ್ಯ ತರುತ್ತದೆ. ಸದಸ್ಯರೊಬ್ಬರು 99 ರೂಪಾಯಿ ಕಟ್ಟಿದರೆ ಶೇಕಡ 18ರ ಜಿಎಸ್‌ಟಿ ಕಳೆದು ಸುಮಾರು 84 ಉಳಿಯುತ್ತದೆ. ಅದರಲ್ಲಿ ಯೂಟ್ಯೂಬ್ ಶೇಕಡ 70 ಕೊಡುತ್ತದೆ, ಅಂದರೆ ಸುಮಾರು 59 ರೂಪಾಯಿ. ಈಗಿನ 60 ಸಾವಿರಕ್ಕೆ ವರ್ಷವಿಡೀ 85 ಸದಸ್ಯರು ಇದ್ದಾರೆ ಎಂದಾಯಿತು. ಅವರನ್ನು 170ಕ್ಕೆ ಏರಿಸಿದರೆ 1.2 ಲಕ್ಷ. ಇಲ್ಲಿ ನೋಡಬೇಕಾದದ್ದು ಹೊಸದಾಗಿ ಎಷ್ಟು ಜನ ಸೇರಿದರು ಎನ್ನುವುದಕ್ಕಿಂತ ಎಷ್ಟು ಜನ ಮುಂದಿನ ತಿಂಗಳೂ ಉಳಿದರು ಎನ್ನುವುದನ್ನು. ಪ್ರಾಯೋಜಿತ ವಿಡಿಯೊ ಹೆಚ್ಚಾದ ತಿಂಗಳಲ್ಲೇ ಸದಸ್ಯರು ಬಿಡತೊಡಗಿದರೆ, ಒಂದು ದಾರಿ ಇನ್ನೊಂದನ್ನು ತಿನ್ನುತ್ತಿದೆ ಎಂದೇ ತಿಳಿಯಬೇಕು.

ಉಳಿದ 2.4 ಲಕ್ಷ ಸರಕಿನಿಂದ ಬರಬೇಕು. ಸಾರಿನ ಪುಡಿಯನ್ನೇ ನಾಲ್ಕುಪಟ್ಟು ಮಾಡಹೊರಟರೆ ಕೆಲಸದಾಳು, ಜಾಗ, ದಾಸ್ತಾನು ಎಲ್ಲವೂ ಬೇಕು. ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಹೇಗೂ ಕಡ್ಡಾಯ. ಅದರ ಬದಲು ಹಬ್ಬದಡುಗೆಯ ಆನ್‌ಲೈನ್ ತರಗತಿಗೆ 499 ರೂಪಾಯಿಯಂತೆ ವರ್ಷದಲ್ಲಿ 400 ಜನ ಸೇರಿದರೆ ಸುಮಾರು ಎರಡು ಲಕ್ಷ ಬರುತ್ತದೆ. ಪಾವತಿ ಶುಲ್ಕ, ಸಹಾಯಕರ ಸಂಭಾವನೆ ಕಳೆದರೂ 1.8 ಲಕ್ಷ ಉಳಿಯಬಹುದು. ಪುಡಿಯ 60 ಸಾವಿರ ಸೇರಿದರೆ ಗುರಿ ಮುಟ್ಟುತ್ತದೆ.

ಒಟ್ಟು 14.4 ಲಕ್ಷ, ಜಾಹೀರಾತು ಸರಿಯಾಗಿ ಅರ್ಧ. ಇದರಿಂದ ಆದ ಲಾಭ ಕೆಟ್ಟ ವರ್ಷದಲ್ಲಿ ತಿಳಿಯುತ್ತದೆ. ಮನೆಖರ್ಚು ಮತ್ತು ಎಡಿಟರ್ ಸಂಬಳ ಸೇರಿ ವರ್ಷಕ್ಕೆ 9 ಲಕ್ಷ ಬೇಕು ಎನ್ನೋಣ. ಜಾಹೀರಾತಿನ ಗಳಿಕೆ ಅರ್ಧಕ್ಕೆ ಇಳಿದಿದ್ದರೆ ಮೊದಲು ಉಳಿಯುತ್ತಿದ್ದದ್ದು 7.2 ಲಕ್ಷ, ಸಾಲ ಮಾಡಬೇಕಿತ್ತು. ಈಗ ಉಳಿಯುವುದು 10.8 ಲಕ್ಷ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಜಾಹೀರಾತು ಮತ್ತು ಮೆಂಬರ್‌ಶಿಪ್ ಕಾಗದದ ಮೇಲೆ ಎರಡು ದಾರಿ, ಹಣ ಬರುವುದು ಮಾತ್ರ ಒಂದೇ ಯೂಟ್ಯೂಬ್‌ನಿಂದ. ಎರಡನ್ನೂ ಕೂಡಿಸಿದರೆ 8.4 ಲಕ್ಷ, ಒಟ್ಟಿನ ಶೇಕಡ 58. ಮಕ್ಕಳ ಚಾನೆಲ್‌ಗಳವರು ಇದನ್ನು ಅನುಭವಿಸಿ ಬಲ್ಲರು. ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದಲ್ಲಿ 17 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದವು. 2020ರ ಜನವರಿಯಿಂದ ಮಕ್ಕಳಿಗಾಗಿ ಮಾಡಿದ ವಿಡಿಯೊಗಳಲ್ಲಿ ನೋಡುಗರ ಅಭಿರುಚಿಗೆ ತಕ್ಕ ಜಾಹೀರಾತು ನಿಂತಿತು. ಅಂಥ ಚಾನೆಲ್‌ಗಳಿಗೆ ಮೆಂಬರ್‌ಶಿಪ್ ಸೌಲಭ್ಯವೂ ಇಲ್ಲವಾಯಿತು. ಅದೇ ವರ್ಷ ಜೂನ್ 29ರಂದು ಭಾರತ ಟಿಕ್‌ಟಾಕ್ ನಿಷೇಧಿಸಿದಾಗ ಅದೊಂದನ್ನೇ ನೆಚ್ಚಿದ್ದವರ ಪ್ರಾಯೋಜಕರೂ ಅಭಿಮಾನಿಗಳೂ ಒಟ್ಟಿಗೇ ಕೈತಪ್ಪಿದರು.

ಹಾಗಾಗಿ ಪಾಲನ್ನು ಎರಡು ಸಲ ಲೆಕ್ಕ ಹಾಕಬೇಕು: ಒಮ್ಮೆ ಆದಾಯದ ಬಗೆಯಂತೆ, ಇನ್ನೊಮ್ಮೆ ಹಣ ಕಳುಹಿಸುವವರ ಹೆಸರಿನಂತೆ. ಅಡುಗೆ ಚಾನೆಲ್ಲಿನವರು 170 ಸದಸ್ಯರನ್ನು ಯುಪಿಐ ಆಟೊಪೇ ಇರುವ ತಮ್ಮದೇ ಪುಟಕ್ಕೆ ಕರೆತಂದರೆ ಎರಡನೆಯ ಲೆಕ್ಕವೂ ಅರ್ಧಕ್ಕೆ ನಿಲ್ಲುತ್ತದೆ. ಎಲ್ಲರೂ ಬರುವುದಿಲ್ಲ, ಒಂದಷ್ಟು ಮಂದಿ ನಡುವೆ ಉದುರುತ್ತಾರೆ. ಬಂದವರ ಫೋನ್ ನಂಬರ್, ಇಮೇಲ್ ಚಾನೆಲ್ಲಿನವರ ಕೈಯಲ್ಲಿರುತ್ತದೆ. ಚಾನೆಲ್ಲಿಗೆ ಸ್ಟ್ರೈಕ್ ಬಿದ್ದು ವಿಡಿಯೊ ನಿಂತರೂ ಅವರಿಗೆ ಸುದ್ದಿ ಮುಟ್ಟಿಸಬಹುದು.

ಕನ್ನಡದ ಪತ್ರಿಕಾ ಇತಿಹಾಸದಲ್ಲಿ ಈ ನಿಯಮಕ್ಕೆ ಸವಾಲೆನಿಸುವ ಉದಾಹರಣೆಯೊಂದಿದೆ. ಪಿ. ಲಂಕೇಶ್ 1980ರಲ್ಲಿ ಶುರುಮಾಡಿದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಹಾಕದೆ ಮಾರಾಟದ ಹಣದ ಮೇಲೆ ಬದುಕಿತು. ಬಗೆಯ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಒಂದೇ ಮೂಲ. ಆದರೆ ಕೊಡುವವರ ಲೆಕ್ಕದಲ್ಲಿ ಸಾವಿರಾರು ಓದುಗರು, ಅವರಲ್ಲಿ ಯಾರೊಬ್ಬರೂ ಸಿಟ್ಟಾಗಿ ಪತ್ರಿಕೆ ನಿಲ್ಲಿಸಲಾರರು. ಒಬ್ಬನೇ ಪ್ರಾಯೋಜಕನ ಶೇಕಡ 40ಕ್ಕಿಂತ ಚದುರಿದ ಓದುಗರ ಶೇಕಡ 70 ಹೆಚ್ಚು ಭದ್ರ ಎಂದೇ ಹೇಳಬೇಕು.

ತಿಂಗಳಿಗೆ ಐದಾರು ಸಾವಿರ ಬರುವ ಹೊಸ ಚಾನೆಲ್ಲಿಗೆ ಈ ನಿಯಮ ಬೇಡ. ನಾಲ್ಕು ಕಡೆ ಕೈ ಹಾಕಿದರೆ ವಿಡಿಯೊ ಮಾಡಲು ಹೊತ್ತೇ ಇರುವುದಿಲ್ಲ. ಇದ್ದ ನೌಕರಿ ಬಿಟ್ಟು ಚಾನೆಲ್ಲನ್ನೇ ನಂಬಲು ಹೊರಟವರು, ಒಬ್ಬರಿಗಾದರೂ ಸಂಬಳ ಕೊಡಬೇಕಾದವರು ಮಾತ್ರ ಆ ತೀರ್ಮಾನಕ್ಕೆ ಮುನ್ನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಹಣ ಹಾಕಿದವರ ಹೆಸರುಗಳನ್ನು ಒಂದೊಂದಾಗಿ ಕೂಡಿ ನೋಡಲಿ. ಒಂದೇ ಹೆಸರು ಅರ್ಧ ದಾಟಿದ್ದರೆ ರಾಜೀನಾಮೆ ಪತ್ರವನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಲಿ.