ಮೂತ್ರದ ರಿಪೋರ್ಟ್‌ನಲ್ಲಿ ‘ಪ್ಲಸ್’ ಬಂದರೆ ಕಿಡ್ನಿ ಹೋಯ್ತು ಅಂತಲ್ಲ

ಇಂಡಿ: ತಾಲ್ಲೂಕು ಆಸ್ಪತ್ರೆ ಇರಲಿ, ಬಜಾರದ ಲ್ಯಾಬ್ ಇರಲಿ, ಮೂತ್ರ ಕೊಟ್ಟರೆ ಸಾಮಾನ್ಯವಾಗಿ ಮೊದಲು ಅದರಲ್ಲಿ ಅದ್ದುವುದು ಬಣ್ಣದ ಚೌಕಗಳಿರುವ ಒಂದು ಸಣ್ಣ ಪಟ್ಟಿ. ಒಂದು ನಿಮಿಷದೊಳಗೆ ಚೌಕಗಳ ಬಣ್ಣ ಬದಲಾಗತ್ತೆ, ಅದನ್ನು ಡಬ್ಬಿ ಮೇಲಿನ ಚಾರ್ಟ್‌ಗೆ ಹೋಲಿಸಿ ರಿಪೋರ್ಟ್ ಬರೀತಾರೆ.

ಉದಾಹರಣೆಗೆ, ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ಲಿಂಬೆ ತೋಟದಲ್ಲಿ ದುಡಿದ ಒಬ್ಬ ಕೂಲಿಕಾರ. ಉರಿಮೂತ್ರ, ಮೇಲಿಂದ ಮೇಲೆ ಹೋಗಬೇಕು ಅನ್ನಿಸ್ತದೆ. ಸಂಜೆ ಕೊಟ್ಟ ಮೂತ್ರದ ರಿಪೋರ್ಟ್: ಪ್ರೋಟೀನ್ ಒಂದು ಪ್ಲಸ್, ಗ್ಲುಕೋಸ್ ಇಲ್ಲ, ಕೀಟೋನ್ ಅಲ್ಪ, ನೈಟ್ರೈಟ್ ನೆಗೆಟಿವ್.

ಪ್ರೋಟೀನ್ ನೋಡಿದ ಕೂಡಲೇ ಮನೆಯವರು ಹೆದರ್ತಾರೆ. ಒಂದು ಪ್ಲಸ್ ಅಂದರೆ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ. ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾದಾಗ, ಜ್ವರ ಬಂದಾಗ, ಮೈಮುರಿದು ದುಡಿದಾಗ ಇಷ್ಟು ಕಾಣಿಸಬಹುದು. ಆತ ಸುಧಾರಿಸಿದ ಮೇಲೆ ಬೆಳಗಿನ ಮೊದಲ ಮೂತ್ರ ಕೊಟ್ಟು ಮತ್ತೆ ನೋಡಿಸಬೇಕು. ಆಗಲೂ ಪ್ಲಸ್ ಇದ್ದರೆ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ರಕ್ತದ ಕ್ರಿಯಾಟಿನಿನ್ ಮಾಡಿಸೋದು ಸರಿ. ಇದರ ಉಲ್ಟಾನೂ ಉಂಟು: ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಪೆಟ್ಟು ಬೀಳಲು ಶುರುವಾದಾಗ ಸೋರುವ ಅಲ್ಬುಮಿನ್ ಎಷ್ಟು ಕಡಿಮೆ ಅಂದರೆ, ಪಟ್ಟಿಗೆ ಅದು ಗೊತ್ತಾಗದೇ ಇರಬಹುದು. ಶುಗರ್ ಇದ್ದವರು ಪಟ್ಟಿ ‘ನಿಲ್’ ಅಂದಿತೆಂದು ಸುಮ್ಮನಿರಬಾರದು.

ನೈಟ್ರೈಟ್ ನೆಗೆಟಿವ್ ಬಂದ ಮಾತ್ರಕ್ಕೆ ಸೋಂಕಿಲ್ಲ ಅನ್ನೋಕಾಗಲ್ಲ. ಇ-ಕೋಲೈಯಂಥ ಬ್ಯಾಕ್ಟೀರಿಯಾ ಮೂತ್ರದ ನೈಟ್ರೇಟನ್ನು ನೈಟ್ರೈಟ್ ಮಾಡಲು ಮೂತ್ರ ಚೀಲದಲ್ಲಿ ಸುಮಾರು ನಾಲ್ಕು ತಾಸು ನಿಲ್ಲಬೇಕು. ಪದೇ ಪದೇ ಹೋಗುವವರಲ್ಲಿ ಅಷ್ಟು ಹೊತ್ತು ನಿಲ್ಲೋದೇ ಇಲ್ಲ. ಕೆಲವು ಬ್ಯಾಕ್ಟೀರಿಯಾ ಅಂತೂ ನೈಟ್ರೈಟ್ ಮಾಡುವುದೇ ಇಲ್ಲ. ಹಾಗಾಗಿ ಉರಿ ಇದ್ದರೆ ಪಸ್ ಸೆಲ್ ನೋಡಿ, ವೈದ್ಯರು ಹೇಳಿದರೆ ಆಂಟಿಬಯೋಟಿಕ್ ನುಂಗುವ ಮೊದಲೇ ಕಲ್ಚರ್‌ಗೆ ಕೊಡಬೇಕು.

ಅಲ್ಪ ಕೀಟೋನ್ ಆತ ಮಧ್ಯಾಹ್ನ ಉಂಡಿಲ್ಲ ಅನ್ನೋದಕ್ಕೂ ಬರಬಹುದು. ಆದರೆ ಶುಗರ್ ಇದ್ದವರಲ್ಲಿ ಗ್ಲುಕೋಸ್, ಕೀಟೋನ್ ಎರಡೂ ಜೋರಾಗಿ ಬಂದು, ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಅದೇ ತಾಸಿನಲ್ಲಿ ದೊಡ್ಡ ದವಾಖಾನೆಗೆ ಹೋಗಬೇಕು. ಗ್ಲುಕೋಸ್ ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆ 180 ದಾಟಿದಾಗ ಮೂತ್ರಕ್ಕೆ ಇಳೀತದೆ. ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುವವರಿಗೆ ಶುಗರ್ ಹಿಡಿತದಲ್ಲಿದ್ದರೂ ಪ್ಲಸ್ ತೋರಸ್ತದೆ, ಅದು ಮಾತ್ರೆಯ ಕೆಲಸ.

ಇನ್ನು ಪಟ್ಟಿಯ ಡಬ್ಬಿ ಮುಚ್ಚಳ ತೆರೆದಿಟ್ಟಿದ್ದರೆ ಗಾಳಿ ತಾಗಿ ನೈಟ್ರೈಟ್ ಸುಳ್ಳೇ ಪಾಸಿಟಿವ್ ಆಗಬಹುದು. ಮನೆಯಿಂದ ಬಾಟಲಿಯಲ್ಲಿ ತಂದ ಮೂತ್ರ ಬಿಸಿಲಲ್ಲಿ ನಿಂತರೂ ಅದೇ ಕಥೆ, ಬ್ಯಾಕ್ಟೀರಿಯಾ ಅದರೊಳಗೇ ಬೆಳೀತಾವೆ. ಮೊದಲು ಸ್ವಲ್ಪ ಬಿಟ್ಟು, ನಡುವಿನ ಧಾರೆ ಹಿಡಿದು, ಒಂದು ತಾಸಿನೊಳಗೆ ಲ್ಯಾಬ್‌ಗೆ ಮುಟ್ಟಿಸಬೇಕು.